ಯಾರಿಗೆ, ಎಷ್ಟು ಹೊತ್ತು, ಏನು ಹೇಳೋಕೆ? ಮೂರೂ ಗೊತ್ತಿಲ್ಲದ ಪಿಪಿಟಿ

ಪ್ರಶ್ನೆ: ನಮ್ಮ ಮ್ಯಾನೇಜರ್ "ಗುರುವಾರದ ಮೀಟಿಂಗ್‌ಗೆ ಗ್ರಾಹಕರ ದೂರುಗಳ ಬಗ್ಗೆ ಒಂದು ಪಿಪಿಟಿ ಮಾಡಿಬಿಡಿ" ಅಂತ ಒಂದೇ ಸಾಲಿನ ಮೆಸೇಜ್ ಹಾಕಿದ್ದಾರೆ. ಯಾರು ಬರುತ್ತಾರೆ, ಎಷ್ಟು ಹೊತ್ತು ಮಾತಾಡಬೇಕು, ಮುಖ್ಯವಾಗಿ ಏನು ಹೇಳಬೇಕು, ಒಂದೂ ಗೊತ್ತಿಲ್ಲ. ಕೇಳಿದರೆ "ನೀವೇ ನೋಡಿ ಮಾಡಿ, ನಿಮಗೆ ಗೊತ್ತಿರುತ್ತಲ್ಲ" ಅಂದರು. ನನ್ನ ಹತ್ತಿರ ಮೂರು ತಿಂಗಳ ದೂರುಗಳ ಶೀಟ್ ಇದೆ, ಅಷ್ಟೇ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲ ದಿನ ಪವರ್‌ಪಾಯಿಂಟ್ ತೆರೆಯಲೇಬೇಡಿ. ತೆರೆದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಕೈಯಲ್ಲಿರುವುದು ಶೀಟ್ ಒಂದೇ, ಹಾಗಾಗಿ ಶೀಟಿನಲ್ಲಿ ಇರುವುದೆಲ್ಲ ಸ್ಲೈಡಿಗೆ ಬರುತ್ತದೆ. ತಿಂಗಳ ಲೆಕ್ಕದ ಒಂದು ಚಾರ್ಟ್, ಊರುಗಳ ಲೆಕ್ಕದ ಒಂದು ಚಾರ್ಟ್, ದೂರಿನ ಬಗೆಗಳ ಒಂದು ಚಾರ್ಟ್. ಯಾರು ಏನು ಕೇಳುತ್ತಾರೋ ಗೊತ್ತಿಲ್ಲ, ಅದಕ್ಕೆ ಎಲ್ಲವೂ ಇರಲಿ ಅಂತ ಅನಿಸುತ್ತದೆ. ಬುಧವಾರ ಸಂಜೆ ಇಪ್ಪತ್ತು ಸ್ಲೈಡ್ ತೋರಿಸಿದಾಗ ಮ್ಯಾನೇಜರ್ "ನಾನು ಕೇಳಿದ್ದು ಇದಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ತಮಗೆ ಏನು ಬೇಕು ಅನ್ನುವುದು ತುಂಬಾ ಜನರಿಗೆ ತಿಳಿಯುವುದೇ ಬೇಡದ್ದನ್ನು ಕಣ್ಣೆದುರು ಕಂಡಾಗ. ಹಾಗಾಗಿ ನಿಮ್ಮ ಕೆಲಸ ಒಂದೇ: ಅವರು "ಇದಲ್ಲ" ಅನ್ನುವ ಗಳಿಗೆಯನ್ನು ಬುಧವಾರ ಸಂಜೆಯಿಂದ ಸೋಮವಾರ ಮಧ್ಯಾಹ್ನಕ್ಕೆ ತರುವುದು. ಆಗ ತಪ್ಪಾಗಿರುವುದು ನಾಲ್ಕು ಸಾಲು ಮಾತ್ರ, ಇಪ್ಪತ್ತು ಸ್ಲೈಡ್ ಅಲ್ಲ.

"ನೀವೇ ನೋಡಿ ಮಾಡಿ" ಅನ್ನುವ ಉತ್ತರ ಬಂದದ್ದು ಯಾಕೆ ಅಂತ ಯೋಚಿಸಿ. ಬಹುಶಃ ನೀವು "ಯಾರಿಗೆ? ಎಷ್ಟು ಹೊತ್ತು? ಏನು ಹೇಳಬೇಕು?" ಅಂತ ತೆರೆದ ಪ್ರಶ್ನೆ ಕೇಳಿದ್ದೀರಿ. ಅದಕ್ಕೆ ಉತ್ತರ ಕೊಡಬೇಕಾದರೆ ಅವರು ಕೂತು ಯೋಚಿಸಬೇಕು. ಆ ಯೋಚನೆಯನ್ನೇ ತಾನೇ ಅವರು ನಿಮಗೆ ವಹಿಸಿದ್ದು? ಅದರ ಬದಲು ನೀವೇ ಊಹೆ ಮಾಡಿ, ಆ ಊಹೆಯನ್ನು ಅವರ ಮುಂದಿಟ್ಟರೆ, ಸರಿ ಅಥವಾ ತಪ್ಪು ಅನ್ನಲು ಅರ್ಧ ನಿಮಿಷ ಸಾಕು. ಆದರೆ ಊಹೆಗೆ ಒಂದು ಆಧಾರ ಬೇಕು. ಅದು ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ನಿಮ್ಮ ಕೈಗೆ ಸಿಗುವ ಜಾಗದಲ್ಲೇ ಇದೆ.

ಮೊದಲು ಕ್ಯಾಲೆಂಡರ್‌ನಲ್ಲಿ ಆ ಮೀಟಿಂಗಿನ ಇನ್ವೈಟ್ ನೋಡಿ. ಯಾರ್ಯಾರ ಹೆಸರಿದೆ? ಎಷ್ಟು ಹೊತ್ತಿನದು? ಪ್ರತಿ ತಿಂಗಳು ಬರುವ ಮೀಟಿಂಗೋ, ಈ ಸಲ ಮಾತ್ರ ಕರೆದದ್ದೋ? ಪ್ರತಿ ತಿಂಗಳು ಬರುವುದಾದರೆ ಹೋದ ಸಲ ಯಾರೋ ಏನನ್ನೋ ತೋರಿಸಿರುತ್ತಾರೆ, ಆ ಫೈಲ್ ಕೇಳಿ ತೆಗೆದುಕೊಳ್ಳಿ. ತೋರಿಸಿದವರನ್ನು ಇನ್ನೊಂದು ಮಾತೂ ಕೇಳಿ: "ಅಲ್ಲಿ ಯಾರು ಜಾಸ್ತಿ ಪ್ರಶ್ನೆ ಕೇಳುತ್ತಾರೆ, ಏನು ಕೇಳುತ್ತಾರೆ?" ಈ ಒಂದು ಉತ್ತರ ಹತ್ತು ಜನರ ಹುದ್ದೆಯ ಪಟ್ಟಿಗಿಂತ ಉಪಯೋಗಕ್ಕೆ ಬರುತ್ತದೆ.

ಹೆಸರುಗಳ ಪಟ್ಟಿ ಓದುವಾಗ ಒಂದು ಮಾತು ನೆನಪಿರಲಿ. ಹುಡುಕಬೇಕಾದದ್ದು "ಇವರೆಲ್ಲ ಯಾರು" ಅನ್ನುವುದನ್ನಲ್ಲ, "ಇವರಲ್ಲಿ ಯಾರು ಹೂಂ ಅಂದರೆ ಏನಾದರೂ ಬದಲಾಗುತ್ತದೆ" ಅನ್ನುವುದನ್ನು. ಹತ್ತು ಜನ ಕೂತಿದ್ದರೂ ನಿಮ್ಮ ವಿಷಯದಲ್ಲಿ ಅಂಥವರು ಸಾಮಾನ್ಯವಾಗಿ ಒಬ್ಬರು, ಹೆಚ್ಚೆಂದರೆ ಇಬ್ಬರು. ನಿಮ್ಮ ಪಿಪಿಟಿ ಅವರಿಗಾಗಿ. ಉಳಿದವರಿಗೂ ಅರ್ಥವಾಗಬೇಕು, ನಿಜ. ಆದರೆ ಉಳಿದವರ ಎಲ್ಲ ಕುತೂಹಲಕ್ಕೂ ಉತ್ತರ ಅದರಲ್ಲಿ ಇರಬೇಕಾಗಿಲ್ಲ. ನಿಮ್ಮ ತಂಡದವರೇ ನಾಲ್ಕು ಜನ ಇದ್ದರೆ ಅದು ಕೆಲಸ ಹಂಚಿಕೊಳ್ಳುವ ಮೀಟಿಂಗ್. ಬೇರೆ ತಂಡಗಳ ಮುಖ್ಯಸ್ಥರು ಇದ್ದರೆ ಯಾರೋ ಯಾವುದಕ್ಕೋ ಒಪ್ಪಬೇಕಾದ ಮೀಟಿಂಗ್. ಇನ್ವೈಟ್‌ನಲ್ಲಿ ನಿಮ್ಮ ಹೆಸರೇ ಇಲ್ಲದಿದ್ದರೆ ಅದೂ ಒಂದು ಮುಖ್ಯ ಸುಳಿವು. ಮಾತಾಡುವುದು ನೀವಲ್ಲ, ಮ್ಯಾನೇಜರ್. ಆಗ ಸ್ಲೈಡಿನ ಕೆಳಗಿನ ನೋಟ್ಸ್ ಜಾಗದಲ್ಲಿ ಅವರು ಹೇಳಬೇಕಾದ ಎರಡೆರಡು ವಾಕ್ಯ ಬರೆದುಕೊಡಬೇಕಾಗುತ್ತದೆ. ನಿಮ್ಮ ತಲೆಯಲ್ಲಿರುವ ವಿವರ ಅವರ ತಲೆಯಲ್ಲಿ ಇರುವುದಿಲ್ಲ.

ಇನ್ನು ಹೊತ್ತು. ಇನ್ವೈಟ್‌ನಲ್ಲಿ 45 ನಿಮಿಷ ಅಂತಿದ್ದರೆ ನಿಮಗೆ 45 ನಿಮಿಷ ಇದೆ ಅಂತಲ್ಲ. ಅಜೆಂಡಾದಲ್ಲಿ ನಾಲ್ಕು ವಿಷಯ ಇವೆ ಅಂದುಕೊಳ್ಳಿ. ಎಲ್ಲರೂ ಬಂದು ಕೂರುವುದಕ್ಕೆ, ಸ್ಕ್ರೀನ್ ಶೇರ್ ಆಗುವುದಕ್ಕೆ 5 ನಿಮಿಷ ಹೋಗುತ್ತದೆ. ಉಳಿದ 40ರಲ್ಲಿ ನಿಮ್ಮ ಪಾಲು 10. ಅದರಲ್ಲೂ ಅರ್ಧ ಪ್ರಶ್ನೆಗಳಿಗೆ ಬಿಡಬೇಕು, ಯಾಕೆಂದರೆ ತೀರ್ಮಾನ ಆಗುವುದು ನೀವು ಮಾತಾಡುವಾಗ ಅಲ್ಲ, ಅವರು ಮಾತಾಡುವಾಗ. ಅಲ್ಲಿಗೆ ನಿಮ್ಮ ಮಾತಿಗೆ ಉಳಿದದ್ದು 5 ನಿಮಿಷ. ಚಾರ್ಟ್ ಇರುವ ಒಂದು ಸ್ಲೈಡನ್ನು ಸರಿಯಾಗಿ ವಿವರಿಸಲು ಒಂದೂವರೆಯಿಂದ ಎರಡು ನಿಮಿಷ ಬೇಕು. ಅಂದರೆ ಮೂರು ಸ್ಲೈಡ್. ಈ ಲೆಕ್ಕ ಹಾಕಿದರೆ ಇಪ್ಪತ್ತು ಸ್ಲೈಡ್ ಮಾಡುವ ಆಸೆ ತಾನಾಗಿ ಇಳಿಯುತ್ತದೆ. ಅಜೆಂಡಾ ಸಿಗದಿದ್ದರೆ 10 ನಿಮಿಷ ಅಂತಲೇ ಇಟ್ಟುಕೊಳ್ಳಿ. 10ಕ್ಕೆ ಮಾಡಿದ್ದನ್ನು ಪ್ರಶ್ನೆಗಳಿಂದ 20ಕ್ಕೆ ಎಳೆಯಬಹುದು, 40ಕ್ಕೆ ಮಾಡಿದ್ದನ್ನು 10ಕ್ಕೆ ಇಳಿಸಲು ಹೋದರೆ ಎಲ್ಲ ಕಲಸಿಹೋಗುತ್ತದೆ.

ಮೂರರಲ್ಲಿ ಕಷ್ಟದ್ದು ಮುಖ್ಯ ಮಾತು. ಅದು ಕ್ಯಾಲೆಂಡರ್‌ನಲ್ಲಿ ಇರುವುದಿಲ್ಲ, ಎಷ್ಟೋ ಸಲ ಮ್ಯಾನೇಜರ್ ಹತ್ತಿರವೂ ಇರುವುದಿಲ್ಲ. ಅದು ನಿಮ್ಮ ಶೀಟಿನಲ್ಲಿ ಹೂತುಕೊಂಡಿರುತ್ತದೆ, ನೀವೇ ಹೊರಗೆ ತೆಗೆಯಬೇಕು. ಇಲ್ಲಿ ಅವಸರ ಮಾಡಬೇಡಿ, ಇರುವ ಸಮಯದಲ್ಲಿ ಅರ್ಧ ಇದಕ್ಕೇ ಹೋದರೂ ನಷ್ಟವಿಲ್ಲ. ಹೇಗೆ ತೆಗೆಯುವುದು ಅಂತ ಒಂದು ಉದಾಹರಣೆಯಲ್ಲೇ ನೋಡೋಣ. ಅಂಕಿಗಳು ನಾನು ಸುಮ್ನೆ ಇಟ್ಟುಕೊಂಡವು, ದಾರಿ ಮಾತ್ರ ಗಮನಿಸಿ.

ಆನ್‌ಲೈನ್‌ನಲ್ಲಿ ಸಾಮಾನು ಮಾರುವ ಕಂಪನಿ ಅಂದುಕೊಳ್ಳೋಣ. ಫೆಬ್ರವರಿಯಲ್ಲಿ 400 ದೂರು, ಮಾರ್ಚ್‌ನಲ್ಲಿ 420, ಏಪ್ರಿಲ್‌ನಲ್ಲಿ 610. ಇದನ್ನು ನೋಡಿದ ತಕ್ಷಣ "ದೂರುಗಳು ಹೆಚ್ಚುತ್ತಿವೆ" ಅನ್ನುವ ತಲೆಬರಹ ಕೈಗೆ ಬರುತ್ತದೆ. ಅದು ಮುಖ್ಯ ಮಾತಲ್ಲ. ಅದನ್ನು ಕೇಳಿದವರು "ಸರಿ, ನಾವೇನು ಮಾಡಬೇಕು?" ಅಂದರೆ ನಿಮ್ಮಲ್ಲಿ ಉತ್ತರವಿಲ್ಲ. ಹಾಗಾಗಿ ಇನ್ನೂ ಒಳಗೆ ಹೋಗಬೇಕು.

ಮೊದಲ ಪರೀಕ್ಷೆ: ವ್ಯಾಪಾರವೇ ಜಾಸ್ತಿ ಆದದ್ದರಿಂದ ದೂರು ಜಾಸ್ತಿ ಆಯಿತಾ? ಆರ್ಡರ್‌ಗಳ ಲೆಕ್ಕ ತೆಗೆಯಿರಿ. ಫೆಬ್ರವರಿಯಲ್ಲಿ 20,000, ಮಾರ್ಚ್‌ನಲ್ಲಿ 21,000, ಏಪ್ರಿಲ್‌ನಲ್ಲಿ 20,500 ಇದ್ದರೆ, ಸಾವಿರ ಆರ್ಡರ್‌ಗೆ ದೂರು 20, 20, ಆಮೇಲೆ ಸುಮಾರು 30. ಅಂದರೆ ವ್ಯಾಪಾರ ಬೆಳೆದದ್ದು ಕಾರಣವಲ್ಲ. ಈ ಲೆಕ್ಕ ಮಾಡದೆ ಹೋದರೆ ಮೀಟಿಂಗಿನಲ್ಲಿ ಮೊದಲು ಬರುವ ಪ್ರಶ್ನೆಯೇ ಇದು, ಅಲ್ಲೇ ನಿಮ್ಮ ಮಾತು ನಿಂತುಹೋಗುತ್ತದೆ.

ಎರಡನೆಯದು: ಎಲ್ಲ ಬಗೆಯ ದೂರೂ ಹೆಚ್ಚಿದೆಯಾ, ಒಂದೇ ಬಗೆಯದಾ? ಕಾರಣದ ಪ್ರಕಾರ ವಿಂಗಡಿಸಿದಾಗ "ಸಾಮಾನು ಮನೆಗೆ ಬರಲಿಲ್ಲ, ವಿಳಾಸ ತಪ್ಪಾಗಿದೆ" ಅನ್ನುವವು 35, 40, 230 ಅಂತ ಸಿಗುತ್ತವೆ ಅಂದುಕೊಳ್ಳಿ. ಇವನ್ನು ಒಟ್ಟು ಲೆಕ್ಕದಿಂದ ಕಳೆದರೆ ಉಳಿದದ್ದು 365, 380, 380. ಅಂದರೆ ಬೇರೆ ಯಾವುದೂ ಹೆಚ್ಚಿಲ್ಲ, ಏರಿದ್ದೆಲ್ಲ ಒಂದೇ ಕಡೆ. ಈ ಕಳೆಯುವ ಲೆಕ್ಕ ನನಗೆ ತುಂಬಾ ಇಷ್ಟ. "ಇದು ದೊಡ್ಡ ಕಾರಣ" ಅನ್ನುವುದಕ್ಕಿಂತ "ಇದನ್ನು ತೆಗೆದರೆ ಏನೂ ಉಳಿಯುವುದಿಲ್ಲ" ಅನ್ನುವುದು ಎಷ್ಟೋ ಗಟ್ಟಿ ಮಾತು.

ಮೂರನೆಯದು: ಏಪ್ರಿಲ್‌ಗೆ ಮುಂಚೆ ಏನು ಬದಲಾಯಿತು? ವಿಚಾರಿಸಿದರೆ ಮಾರ್ಚ್ ಕೊನೆಯಲ್ಲಿ ವೆಬ್‌ಸೈಟಿನ ವಿಳಾಸದ ಪುಟ ಹೊಸದಾಗಿದೆ, ಅದರಲ್ಲಿ ಮನೆ ನಂಬರಿನ ಖಾನೆ ತುಂಬಲೇಬೇಕು ಅನ್ನುವ ನಿಯಮ ತೆಗೆದಿದ್ದಾರೆ ಅಂತ ತಿಳಿಯುತ್ತದೆ. ಇಲ್ಲಿ ಎಚ್ಚರಿಕೆ ಬೇಕು. ಪುಟ ಬದಲಾಯಿತು, ದೂರು ಏರಿತು, ಅಷ್ಟಕ್ಕೇ ಒಂದರಿಂದ ಇನ್ನೊಂದು ಆಯಿತು ಅನ್ನುವ ಹಾಗಿಲ್ಲ. ಹೋಲಿಸಿ ನೋಡಲು ಏನಾದರೂ ಬೇಕು. ಮೊಬೈಲ್ ಆ್ಯಪ್‌ನಲ್ಲಿ ಹಳೆಯ ಪುಟವೇ ಇದೆ ಅಂದುಕೊಳ್ಳೋಣ. ಫೆಬ್ರವರಿಯ 35 ವಿಳಾಸದ ದೂರುಗಳಲ್ಲಿ ವೆಬ್‌ಸೈಟಿನದು 19, ಆ್ಯಪ್‌ನದು 16. ಏಪ್ರಿಲ್‌ನ 230ರಲ್ಲಿ ವೆಬ್‌ಸೈಟಿನದು 212, ಆ್ಯಪ್‌ನದು 18. ಹಳೆಯ ಪುಟ ಇದ್ದ ಕಡೆ ಹೆಚ್ಚುಕಡಿಮೆ ಅಷ್ಟೇ ಇದೆ, ಹೊಸ ಪುಟ ಬಂದ ಕಡೆ ಮಾತ್ರ ಏರಿದೆ. ಇನ್ನೂ ಅನುಮಾನ ಇದ್ದರೆ ಆ 212ರಲ್ಲಿ 40 ದೂರನ್ನು ಅಲ್ಲಲ್ಲಿಂದ ಆರಿಸಿ, ಒಂದೊಂದಾಗಿ ತೆರೆದು ಓದಿ. 33ರಲ್ಲಿ ಮನೆ ನಂಬರ್ ಖಾಲಿ ಇದ್ದರೆ ಈಗ ನಿಮ್ಮ ಹತ್ತಿರ ಒಂದು ಮಾತಿದೆ.

ಆ ಮಾತನ್ನು ಒಂದು ವಾಕ್ಯದಲ್ಲಿ ಬರೆಯಿರಿ: "ಏಪ್ರಿಲ್‌ನಲ್ಲಿ ದೂರು ಹೆಚ್ಚಿದ್ದು ವಿಳಾಸದ ಹೊಸ ಪುಟದಿಂದ, ಮನೆ ನಂಬರಿನ ಖಾನೆಯನ್ನು ಮತ್ತೆ ಕಡ್ಡಾಯ ಮಾಡಲು ಒಪ್ಪಿಗೆ ಬೇಕು." ಇದರಲ್ಲಿ ಎರಡು ಭಾಗ ಇದೆ ನೋಡಿ. ನಮಗೆ ತಿಳಿದದ್ದು ಏನು, ಅವರಿಂದ ಬೇಕಾದದ್ದು ಏನು. ಎರಡನೇ ಭಾಗ ಬರೆಯಲು ಆಗುತ್ತಿಲ್ಲ ಅಂದರೆ ಒಂದೋ ಇನ್ನೂ ಒಳಗೆ ಹೋಗಬೇಕು, ಇಲ್ಲವೇ ಇದು ಬರೀ ಮಾಹಿತಿ. ಬರೀ ಮಾಹಿತಿಯಾದರೆ ಪಿಪಿಟಿ ಬೇಕೇ ಅಂತ ಕೇಳುವ ಧೈರ್ಯ ಮಾಡಿ. ಅರ್ಧ ಪುಟದ ಮೇಲ್ ಸಾಕಾಗಬಹುದು.

ಈಗ ಮ್ಯಾನೇಜರ್‌ಗೆ ಬರೆಯುವ ಹೊತ್ತು. ಮೇಲೆ ಹೇಳಿದ್ದೆಲ್ಲ ಮುಗಿಯುವವರೆಗೂ ಕಾಯಬೇಡಿ, ಮೊದಲ ಎರಡು ಪರೀಕ್ಷೆ ಮುಗಿದು, ಪುಟ ಬದಲಾದದ್ದು ತಿಳಿದರೆ ಸಾಕು. ಹೀಗೆ ಬರೆಯಬಹುದು:

"ಸರ್, ಗುರುವಾರದ ಪಿಪಿಟಿಯನ್ನು ನಾನು ಹೀಗೆ ಅಂದುಕೊಂಡು ಮಾಡುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ. ಒಂದು: ಮುಖ್ಯವಾಗಿ ಪ್ರಾಡಕ್ಟ್ ಮುಖ್ಯಸ್ಥರಿಗೆ. ಎರಡು: ನಮಗೆ ಸಿಗುವುದು ಸುಮಾರು 10 ನಿಮಿಷ, ಪ್ರಶ್ನೆಗಳೂ ಸೇರಿ. ಮೂರು: ಹೇಳುವುದು ಇಷ್ಟು, ಏಪ್ರಿಲ್‌ನಲ್ಲಿ ಏರಿದ ದೂರುಗಳೆಲ್ಲ ವಿಳಾಸದ ಪುಟದವು, ಅದನ್ನು ಸರಿಮಾಡಲು ಒಪ್ಪಿಗೆ ಬೇಕು. ಮಾತಾಡುವುದು ನೀವಾ, ನಾನಾ? ಮೀಟಿಂಗ್ ಆದಮೇಲೆ ಫೈಲ್ ಬೇರೆಯವರಿಗೂ ಹೋಗುತ್ತದಾ? ನಾಳೆ ಬೆಳಿಗ್ಗೆ ಇದೇ ಲೆಕ್ಕದಲ್ಲಿ ಮುಂದುವರಿಯುತ್ತೇನೆ."

ಕೊನೆಯ ವಾಕ್ಯ ಬಿಡಬೇಡಿ. ಉತ್ತರ ಬಾರದಿದ್ದರೂ ಕೆಲಸ ನಿಲ್ಲುವುದಿಲ್ಲ, ಯಾವ ಊಹೆಯ ಮೇಲೆ ನಡೆಯಿತು ಅನ್ನುವುದು ಇಬ್ಬರಿಗೂ ಗೊತ್ತಿರುತ್ತದೆ. ಮೂರನೇ ಸಾಲನ್ನು ಬೇಕೆಂದೇ ಖಚಿತವಾಗಿ ಬರೆಯಬೇಕು. "ದೂರುಗಳ ಸ್ಥಿತಿಗತಿ" ಅಂತ ಬರೆದರೆ ಅವರು "ಸರಿ" ಅನ್ನುತ್ತಾರೆ, ಆ "ಸರಿ"ಗೆ ಏನೂ ಅರ್ಥವಿಲ್ಲ. "ವಿಳಾಸದ ಪುಟ ಕಾರಣ" ಅಂತ ಬರೆದರೆ "ಅಯ್ಯೋ, ಅದನ್ನು ಅಲ್ಲಿ ಎತ್ತಬೇಡಿ, ನಾನು ಕೇಳಿದ್ದು ಉತ್ತರ ಕೊಡಲು ಎಷ್ಟು ದಿನ ಆಗುತ್ತಿದೆ ಅಂತ" ಅನ್ನಬಹುದು. ನಿಮಗೆ ಬೇಕಾದದ್ದು ಅದೇ. ಅವರ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು, ಅದೂ ಸೋಮವಾರವೇ.

ಉತ್ತರ ಬಂದಮೇಲೂ ಡಿಸೈನ್ ಶುರು ಮಾಡಬೇಡಿ. ಮೊದಲು ತಲೆಬರಹಗಳನ್ನಷ್ಟೇ ಬರೆಯಿರಿ. ನೋಟ್‌ಪ್ಯಾಡ್‌ನಲ್ಲಾದರೂ ಸರಿ. ಪವರ್‌ಪಾಯಿಂಟ್‌ನಲ್ಲೇ ಬರೆಯಬೇಕು ಅಂದರೆ View ಒಳಗಿನ Outline View ತೆರೆದರೆ ಎಡಗಡೆ ಬರೀ ಅಕ್ಷರ ಕಾಣುತ್ತದೆ, ಬಣ್ಣ, ಡಬ್ಬಗಳ ಕಡೆ ಮನಸ್ಸು ಹೋಗುವುದಿಲ್ಲ. ಪ್ರತಿ ತಲೆಬರಹವೂ ಪೂರ್ತಿ ವಾಕ್ಯ ಆಗಿರಬೇಕು. "ತಿಂಗಳವಾರು ದೂರುಗಳು" ಅನ್ನುವುದು ತಲೆಬರಹವಲ್ಲ, ಡಬ್ಬಿಯ ಮೇಲಿನ ಚೀಟಿ. ಒಳಗೆ ಏನಿದೆ ಅಂತ ನೋಡುವವರೇ ಹುಡುಕಿಕೊಳ್ಳಬೇಕು.

ನಮ್ಮ ಉದಾಹರಣೆಗೆ ಮೂರು ವಾಕ್ಯ ಸಾಕು. ಮೊದಲ ಸ್ಲೈಡಿಗೆ, "ಏಪ್ರಿಲ್‌ನ ಏರಿಕೆ ಒಂದೇ ಕಾರಣದಿಂದ, ಈ ವಾರವೇ ಸರಿಮಾಡಬಹುದು." ಎರಡನೆಯದಕ್ಕೆ, "ವಿಳಾಸದ ದೂರುಗಳನ್ನು ಬಿಟ್ಟರೆ ಮೂರು ತಿಂಗಳೂ ಹೆಚ್ಚುಕಡಿಮೆ ಒಂದೇ." ಮೂರನೆಯದಕ್ಕೆ, "ಹಳೆಯ ಪುಟ ಇರುವ ಆ್ಯಪ್‌ನಲ್ಲಿ ದೂರು ಏರಿಲ್ಲ, ಹೊಸ ಪುಟದ ವೆಬ್‌ಸೈಟಿನಲ್ಲಿ ಮಾತ್ರ ಏರಿದೆ." ಈ ಮೂರನ್ನು ಯಾರಿಗಾದರೂ ಫೋನಿನಲ್ಲಿ ಓದಿ ಹೇಳಿ. ಚಾರ್ಟ್ ಇಲ್ಲದೆಯೂ ಅವರಿಗೆ ವಿಷಯ ತಿಳಿದರೆ ಸರಿ ಇದೆ. ತಿಳಿಯದಿದ್ದರೆ ಚಾರ್ಟ್ ಹಾಕಿದರೂ ತಿಳಿಯುವುದಿಲ್ಲ. ಇನ್ನೊಂದು ಪರೀಕ್ಷೆಯೂ ಇದೆ. ಸ್ಲೈಡುಗಳನ್ನು ಹಿಂದುಮುಂದು ಮಾಡಿ ನೋಡಿ. ಏನೂ ಕೆಡಲಿಲ್ಲ ಅಂದರೆ ಅಲ್ಲಿ ವಾದವೇ ಇಲ್ಲ, ಬರೀ ಸಂಗ್ರಹ ಇದೆ.

ತಲೆಬರಹದ ವಿಷಯದಲ್ಲಿ ನಾನು ಇಷ್ಟು ಹಠ ಮಾಡುವುದಕ್ಕೆ ಒಂದು ಕಾರಣ ಇದೆ. 2003ರ ಜನವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರುವಾಗ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ಅದರ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲೆ ಇದ್ದಾಗ ಇಂಜಿನಿಯರುಗಳು ಅಪಾಯ ಎಷ್ಟು ಅಂತ ಲೆಕ್ಕ ಹಾಕಿ ನಾಸಾದವರಿಗೆ ಸ್ಲೈಡುಗಳಲ್ಲಿ ತೋರಿಸಿದರು. ಅದರಲ್ಲಿ ಒಂದು ಸ್ಲೈಡಿನ ತಲೆಬರಹ ಓದಿದವರಿಗೆ ಸಮಾಧಾನ ಆಗುವ ಹಾಗಿತ್ತು. ಆದರೆ ಅದೇ ಸ್ಲೈಡಿನ ತೀರ ಕೆಳಗೆ, ಚಿಕ್ಕ ಅಕ್ಷರದಲ್ಲಿ, ಬಡಿದ ತುಂಡಿನ ಗಾತ್ರ 1,920 ಘನ ಇಂಚು, ಹಿಂದೆ ಪರೀಕ್ಷೆ ಮಾಡಿದ್ದು 3 ಘನ ಇಂಚಿನ ತುಂಡಿನಿಂದ ಅಂತ ಇತ್ತು. ಅಂದರೆ 640 ಪಟ್ಟು ದೊಡ್ಡದು. ಪರೀಕ್ಷೆಯ ಲೆಕ್ಕ ಈ ಹೊಡೆತಕ್ಕೆ ಹೊಂದುವುದೇ ಇಲ್ಲ ಅನ್ನುವುದೇ ಅಲ್ಲಿ ಮುಖ್ಯ ಮಾತು. ಅದು ಮೇಲೆ ಇರಬೇಕಿತ್ತು, ಎಲ್ಲಕ್ಕಿಂತ ಕೆಳಗಿತ್ತು. ಫೆಬ್ರವರಿ 1ರಂದು ಮರಳುವಾಗ ನೌಕೆ ಒಡೆದು ಏಳೂ ಜನ ತೀರಿಕೊಂಡರು. ಆ ಒಂದು ಸ್ಲೈಡ್ ಸರಿ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಅಂತ ಯಾರೂ ಹೇಳಲಾಗದು. ಆದರೆ ಅಪಘಾತದ ತನಿಖಾ ಮಂಡಳಿ ಅದೇ ವರ್ಷ ಕೊಟ್ಟ ವರದಿಯಲ್ಲಿ ಈ ಸ್ಲೈಡನ್ನು ಬೇರೆಯಾಗಿ ಎತ್ತಿ ತೋರಿಸಿತು. ದೊಡ್ಡ ಅಧಿಕಾರಿಯೊಬ್ಬರು ಇದನ್ನು ಓದಿದರೆ ಜೀವಕ್ಕೆ ಅಪಾಯ ಇದೆ ಅನ್ನುವುದು ಗೊತ್ತಾಗದೇ ಹೋಗಬಹುದು ಅಂತ ಹೇಳಿತು. ನಿಮ್ಮ ಮೀಟಿಂಗಿನಲ್ಲಿ ಯಾರ ಜೀವವೂ ಇಲ್ಲ. ಆದರೆ ಓದುವವರ ಕಣ್ಣು ಕೆಲಸ ಮಾಡುವ ರೀತಿ ಅದೇ. ತಲೆಬರಹ ಓದುತ್ತಾರೆ, ಕೆಳಗಿನದು ಕಣ್ಣಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ.

ಇನ್ನು ಹೊತ್ತು ಗೊತ್ತಿಲ್ಲದ ಸಮಸ್ಯೆ ಪೂರ್ತಿ ಹೋಗುವುದಿಲ್ಲ. 10 ನಿಮಿಷ ಅಂತ ಮಾಡಿದ್ದು ಆ ಹೊತ್ತಿಗೆ 3 ನಿಮಿಷ ಆಗಬಹುದು. ಅದಕ್ಕೆ ಪಿಪಿಟಿಯನ್ನು ಕೊನೆಯಿಂದ ಎಷ್ಟು ಕತ್ತರಿಸಿದರೂ ಉಳಿದದ್ದು ನಿಲ್ಲುವ ಹಾಗೆ ಕಟ್ಟಬೇಕು. ಮೊದಲ ಸ್ಲೈಡಿನಲ್ಲೇ ತಿಳಿದದ್ದೂ ಬೇಕಾದದ್ದೂ ಎರಡೂ ಇರಲಿ. ಪರಿಚಯ, ಹಿನ್ನೆಲೆ, ಅಜೆಂಡಾ ಅನ್ನುವ ಸ್ಲೈಡುಗಳು ಬೇಡ. ಎಷ್ಟೋ ಜನ ಕಾರಣಗಳನ್ನೆಲ್ಲ ಹೇಳಿ ಕೊನೆಗೆ ಬೇಡಿಕೆ ಇಡುತ್ತಾರೆ, ಕೇಳುವವರನ್ನು ಮೆಲ್ಲಗೆ ಒಪ್ಪಿಸುತ್ತಿದ್ದೇವೆ ಅಂತ ಅವರ ನಂಬಿಕೆ. ಹೊತ್ತು ಕಡಿಮೆಯಾದರೆ ಬೇಡಿಕೆಯೇ ಬಿದ್ದುಹೋಗುತ್ತದೆ. 3 ನಿಮಿಷ ಸಿಕ್ಕರೆ ಮೊದಲ ಸ್ಲೈಡ್. 10 ಸಿಕ್ಕರೆ ಮೂರೂ. 20 ಸಿಕ್ಕರೆ ಪ್ರಶ್ನೆ ಬಂದ ಹಾಗೆ ಹಿಂದಿನ ಸ್ಲೈಡುಗಳು.

ಹಿಂದಿನ ಸ್ಲೈಡು ಅಂದರೆ, "ಯಾರಾದರೂ ಕೇಳಿದರೆ" ಅಂತ ನೀವು ಇಟ್ಟುಕೊಳ್ಳಬೇಕು ಅಂದುಕೊಂಡವೆಲ್ಲ. ಸಾವಿರ ಆರ್ಡರ್‌ಗೆ ಎಷ್ಟು ಅನ್ನುವ ಲೆಕ್ಕ, ಓದಿ ನೋಡಿದ 40 ದೂರುಗಳ ಪಟ್ಟಿ, ಊರುಗಳ ಲೆಕ್ಕ. ಎಸೆಯಬೇಡಿ, ಕೊನೆಗೆ ಸರಿಸಿ. ಸ್ಲೈಡ್ ಮೇಲೆ ರೈಟ್ ಕ್ಲಿಕ್ ಮಾಡಿ Hide Slide ಕೊಟ್ಟರೆ ಷೋ ಓಡುವಾಗ ಅದು ತಾನಾಗಿ ಬರುವುದಿಲ್ಲ. ಬೇಕಾದಾಗ ಅದರ ನಂಬರ್ ಒತ್ತಿ Enter ಕೊಟ್ಟರೆ ನೇರ ಅಲ್ಲಿಗೆ ಹೋಗುತ್ತದೆ. ಉದಾಹರಣೆಗೆ 7, ಆಮೇಲೆ Enter. ಯಾವ ನಂಬರಿನಲ್ಲಿ ಯಾವುದಿದೆ ಅಂತ ಒಂದು ಚೀಟಿಯಲ್ಲಿ ಬರೆದು ಕೈಯಲ್ಲಿಟ್ಟುಕೊಳ್ಳಿ. ಆದರೆ ಫೈಲನ್ನು ಯಾರಿಗಾದರೂ ಕಳಿಸಿದರೆ ಅಡಗಿಸಿದ ಸ್ಲೈಡುಗಳೂ ಅವರಿಗೆ ಕಾಣುತ್ತವೆ, ಅದು ಗಮನದಲ್ಲಿರಲಿ. ಗ್ರಾಹಕರ ಹೆಸರು, ಫೋನ್ ನಂಬರ್ ಅಲ್ಲಿ ಇರಕೂಡದು.

ಫೈಲ್ ಬೇರೆಯವರಿಗೂ ಹೋಗುತ್ತದಾ ಅಂತ ಮ್ಯಾನೇಜರನ್ನು ಕೇಳಿ ಅಂದದ್ದು ಇದಕ್ಕೂ ಸೇರಿ. ಮಾತಾಡುವಾಗ ತೋರಿಸುವ ಸ್ಲೈಡಿನಲ್ಲಿ ಅಕ್ಷರ ಕಡಿಮೆ ಇದ್ದಷ್ಟೂ ಒಳ್ಳೆಯದು, ಯಾಕೆಂದರೆ ಜನ ಓದುತ್ತಾ ಕೇಳಲಾರರು. ಆದರೆ ಮೀಟಿಂಗಿಗೆ ಬಾರದವರು ಮೇಲ್‌ನಲ್ಲಿ ತೆರೆದು ಓದಿದರೆ ನಿಮ್ಮ ದನಿ ಅಲ್ಲಿರುವುದಿಲ್ಲ. ಎರಡಕ್ಕೂ ಆಗುವ ಒಂದು ಕಟ್ಟು ಇದೆ. ಮೇಲೆ ಪೂರ್ತಿ ವಾಕ್ಯದ ತಲೆಬರಹ, ನಡುವೆ ಒಂದೇ ಒಂದು ಚಾರ್ಟ್, ಕೆಳಗೆ ಅಂಕಿ ಎಲ್ಲಿಂದ ಬಂತು, ಯಾವ ದಿನದವರೆಗಿನದು ಅನ್ನುವ ಒಂದು ಸಾಲು. ವಿವರವೆಲ್ಲ ನೋಟ್ಸ್‌ನಲ್ಲಿ. ಯಾರು ನೋಡುತ್ತಾರೆ ಅಂತ ಕೊನೆಯವರೆಗೂ ಗೊತ್ತಾಗದಿದ್ದರೆ ಇದನ್ನೇ ಹಿಡಿಯಿರಿ. ಇನ್ನೂ ಒಂದು. ನಿಮ್ಮ ತಂಡದವರಷ್ಟೇ ಆಡುವ ಅಡ್ಡಹೆಸರುಗಳನ್ನು, "ಟೈಪ್ ಬಿ ದೂರು" ಅಂಥವನ್ನು ತೆಗೆದು, ಅದು ಏನು ಅಂತಲೇ ಬರೆಯಿರಿ.

ಮ್ಯಾನೇಜರ್ ನೋಡಿ "ಊರುಗಳ ಲೆಕ್ಕವನ್ನೂ ಹಾಕಿ, ಹೋದ ವರ್ಷದ್ದನ್ನೂ ಹಾಕಿ" ಅನ್ನುತ್ತಾರೆ. ಇದು ಆಗಿಯೇ ಆಗುತ್ತದೆ. ಬೇಡ ಅಂತ ವಾದಕ್ಕೆ ಇಳಿಯಬೇಡಿ. "ಮುಖ್ಯ ವಾಕ್ಯದ ಯಾವ ಭಾಗಕ್ಕೆ ಇದು ಬೇಕು ಸರ್?" ಅಂತ ಕೇಳಿ. ಉತ್ತರ ಇದ್ದರೆ ಮುಂದೆ ಹಾಕಿ. ಇಲ್ಲದಿದ್ದರೆ "ಹಿಂದೆ ಇಟ್ಟಿರುತ್ತೇನೆ, ಕೇಳಿದರೆ ತೋರಿಸೋಣ" ಅನ್ನಿ. ಬೇಡ ಅಂದದ್ದಕ್ಕಿಂತ ಹಿಂದೆ ಇಟ್ಟದ್ದನ್ನು ಜನ ಬೇಗ ಒಪ್ಪುತ್ತಾರೆ. ಅವರು ಮುಖ್ಯ ವಾಕ್ಯವನ್ನೇ ಬದಲಿಸಿದರೆ ಮಾತ್ರ ತಲೆಬರಹಗಳಿಂದ ಮತ್ತೆ ಶುರು ಮಾಡಿ. ಹಳೆಯ ಸ್ಲೈಡುಗಳಿಗೆ ಹೊಸ ವಾಕ್ಯ ಅಂಟಿಸಿದರೆ ತೇಪೆ ಎದ್ದು ಕಾಣುತ್ತದೆ.

ಈ ಉದಾಹರಣೆಯಲ್ಲಿ ಇನ್ನೊಂದು ಕೆಲಸ ಉಳಿದಿದೆ, ಅದು ಸ್ಲೈಡಿನದಲ್ಲ. ವಿಳಾಸದ ಪುಟ ಮಾಡಿದವರು ಅದೇ ಮೀಟಿಂಗಿನಲ್ಲಿ ಕೂತಿರುತ್ತಾರೆ, ಅಲ್ವಾ? ತಮ್ಮ ಕೆಲಸದಿಂದ ದೂರು ಹೆಚ್ಚಿತು ಅಂತ ಎಲ್ಲರ ಮುಂದೆ ಮೊದಲ ಸಲ ಕೇಳಿದರೆ ಯಾರಾದರೂ ಎದುರು ನಿಲ್ಲುತ್ತಾರೆ. ಉಳಿದ ಹೊತ್ತೆಲ್ಲ ಅಂಕಿ ಸರಿಯೋ ತಪ್ಪೋ ಅನ್ನುವ ಜಗಳಕ್ಕೇ ಹೋಗುತ್ತದೆ. ಹಾಗಾಗಿ ಮ್ಯಾನೇಜರಿಗೆ ಹೇಳಿ, ಮಂಗಳವಾರವೋ ಬುಧವಾರವೋ ಅವರಿಗೆ ಮೂರನೇ ಸ್ಲೈಡ್ ತೋರಿಸಿ. ಖಾನೆಯ ನಿಯಮ ಯಾಕೆ ತೆಗೆದಿರಿ ಅಂತ ಕೇಳಿ. ಒಳ್ಳೆಯ ಕಾರಣವೇ ಇದ್ದೀತು. ಮನೆ ನಂಬರ್ ಇಲ್ಲದ ವಿಳಾಸದವರು ಆರ್ಡರ್ ಮಾಡಲಾಗದೆ ಹಿಂದೆ ಹೋಗುತ್ತಿದ್ದರು ಅನ್ನಬಹುದು. ಆಗ "ಮತ್ತೆ ಕಡ್ಡಾಯ ಮಾಡಿ" ಅನ್ನುವ ನಿಮ್ಮ ಬೇಡಿಕೆಯೇ ತಪ್ಪು. "ಖಾಲಿ ಬಿಟ್ಟರೆ, ಮನೆ ನಂಬರ್ ಇಲ್ಲವೇ ಅಂತ ಒಂದು ಸಲ ಕೇಳಿ" ಅನ್ನುವುದು ಸರಿಯಾದ ಬೇಡಿಕೆ. ಮೊದಲ ಸ್ಲೈಡನ್ನು ಹಾಗೆ ತಿದ್ದಿ, ಅವರ ಒಪ್ಪಿಗೆಯೂ ಇದೆ ಅಂತ ಸೇರಿಸಿ.

ಮೀಟಿಂಗಿನ ದಿನ ನಿಮ್ಮ ಊಹೆ ತಪ್ಪಾಗಿ, ಒಪ್ಪಿಗೆ ಕೊಡಬೇಕಾದವರೇ ಬಂದಿಲ್ಲ ಅಂತ ಕಂಡರೆ ಮೂರೂ ಸ್ಲೈಡ್ ಓಡಿಸಬೇಡಿ. ಮೊದಲ ಸ್ಲೈಡ್ ತೋರಿಸಿ, "ಇದಕ್ಕೆ ಯಾರ ಒಪ್ಪಿಗೆ ಬೇಕು, ಯಾವಾಗ ಕೇಳೋಣ" ಅಂತ ಕೂತವರನ್ನೇ ಕೇಳಿ. ಹೆಸರೂ ದಿನವೂ ಸಿಕ್ಕರೆ ಬರೆದುಕೊಂಡು, ಅದೇ ಮಧ್ಯಾಹ್ನ ಆ ಒಂದು ಸ್ಲೈಡನ್ನು ಅವರಿಗೆ ಮೇಲ್ ಮಾಡಿ.